ಜಾಗರಣೆಗೆ ನಾಲ್ಕು ನಿಮಿಷ: ಒಂದೇ ಕಥೆ, ಒಂದೂವರೆ ನಿಮಿಷ ಮೌನ

ಪ್ರಶ್ನೆ: ಸರ, ನಮ್ಮದು ಬಾದಾಮಿ ತಾಲೂಕಿನ ಒಂದು ಹಳ್ಳಿ. ಶಿವರಾತ್ರಿ ಜಾಗರಣಿಗೆ ಈಶ್ವರ ಗುಡಿಯೊಳಗ ಪರದೆ ಕಟ್ಟಿ ನಾಲ್ಕು ನಿಮಿಷದ ವಿಡಿಯೊ ತೋರಸ್ತೀವಿ. ಹೋದ ವರ್ಷ ಸ್ಕ್ರಿಪ್ಟ್ ನಾನ ಬರದಿದ್ದೆ. ವಿಷ ಕುಡದದ್ದು, ಲಿಂಗೋದ್ಭವ, ಶಿವ-ಪಾರ್ವತಿ ಮದುವಿ, ಬ್ಯಾಡನ ಕಥಿ, ನಾಲ್ಕೂ ಹಾಕಿದ್ದೆ. 540 ಶಬ್ದ ಆಗಿತ್ತು. ಶಾಂತ ಇರ್ಲಿ ಅಂತ ಕೊಳಲು ಹಾಕಿ ಮೆಲ್ಲಗ ಓದಿಸಿದೆ. ಹುಡುಗರು ನಿದ್ದಿ ಹೊಡದ್ರು, ಹಿರ್ಯಾರು “ಏನ್ ಹೇಳಿದ್ರೋ ತಿಳೀಲಿಲ್ಲ” ಅಂದ್ರು. ಈ ಸಲ ಮನಸ್ಸಿಗೆ ಹಗುರ ಆಗಬೇಕು, ಅರ್ಥಾನೂ ಆಗಬೇಕು. ಹೆಂಗ ಬರೀಲಿ? ಮಲಗಿದವರಿಗೆ ಪಾಪ ಬರ್ತದ ಅಂತ ಹೇಳಬೇಕೋ ಬ್ಯಾಡೋ? ನಮ್ಮ ಕಮಿಟಿಯವರು ಹೇಳಬೇಕು ಅಂತಾರ.

ಉತ್ತರ: ನೀವು ಮೆಲ್ಲಗೆ ಓದಿಸಿದೆ ಅನ್ನುತ್ತೀರಿ, ಆದರೆ ಲೆಕ್ಕ ಒಪ್ಪುವುದಿಲ್ಲ. 540 ಶಬ್ದ ನಾಲ್ಕು ನಿಮಿಷದಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ 135 ಶಬ್ದ ಬಿತ್ತು. ಕನ್ನಡದ ಶಬ್ದ ಉದ್ದ. ‘ಬರುವುದಿಲ್ಲವೇನೋ’ ಅನ್ನುವುದು ಒಂದೇ ಶಬ್ದ. ಹಾಗಾಗಿ 135 ಅಂದರೆ ವಾರ್ತೆ ಓದುವವರಿಗೂ ಅವಸರವೇ. ಓದಿದವರು ದನಿಯನ್ನು ಮೆತ್ತಗೆ ಮಾಡಿದ್ದಾರೆ, ಓಟವನ್ನು ಕಡಿಮೆ ಮಾಡಿಲ್ಲ. ಮೆತ್ತಗಿನ ದನಿ, ಏರಿಳಿತವಿಲ್ಲದ ಓಟ, ಅದರ ಕೆಳಗೆ ಕೊಳಲು, ರಾತ್ರಿ ಹನ್ನೆರಡರ ಹೊತ್ತು. ಇಷ್ಟು ಸೇರಿದರೆ ಜೋಗುಳವಾಗುತ್ತದೆ. ಹುಡುಗರ ತಪ್ಪೇನಿಲ್ಲ.

ಇನ್ನು ಹಿರಿಯರಿಗೆ ತಿಳಿಯದ್ದು ಬೇರೆ ಕಾರಣಕ್ಕೆ. ನೀವು ಕಳಿಸಿದ ಸ್ಕ್ರಿಪ್ಟಿನ ಮೊದಲ ವಾಕ್ಯವನ್ನೇ ನೋಡಿ: “ಸಮುದ್ರಮಥನ ಕಾಲದಲ್ಲಿ ಉದ್ಭವಿಸಿದ, ಮೂರು ಲೋಕಗಳನ್ನೂ ದಹಿಸಬಲ್ಲ ಹಾಲಾಹಲವನ್ನು ಲೋಕಕಲ್ಯಾಣಾರ್ಥವಾಗಿ ಪ್ರಾಶನ ಮಾಡಿ ಕಂಠದಲ್ಲಿ ಧರಿಸಿ ನೀಲಕಂಠನೆನಿಸಿದ ಪರಮೇಶ್ವರನನ್ನು ಈ ಪುಣ್ಯರಾತ್ರಿಯಂದು ಸ್ಮರಿಸೋಣ.” ಹದಿನೇಳು ಶಬ್ದ. ಯಾರ ಮಾತು ಇದು ಅನ್ನುವುದು ಹದಿನಾಲ್ಕನೆಯ ಶಬ್ದಕ್ಕೆ ಗೊತ್ತಾಗುತ್ತದೆ, ಏನು ಮಾಡಬೇಕು ಅನ್ನುವುದು ಹದಿನೇಳಕ್ಕೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಉದ್ಭವಿಸಿದ’, ‘ದಹಿಸಬಲ್ಲ’, ‘ಎನಿಸಿದ’ ಅನ್ನುವ ವಿಶೇಷಣಗಳೆಲ್ಲ ಹೆಸರಿಗಿಂತ ಮುಂಚೆ ಸಾಲುಗಟ್ಟಿ ನಿಲ್ಲುತ್ತವೆ. ಪುಸ್ತಕದಲ್ಲಾದರೆ ಕಣ್ಣು ಹಿಂದೆ ಹೋಗಿ ಬರುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ. ಇಂಥ ವಾಕ್ಯವನ್ನು ನಿಧಾನವಾಗಿ ಓದಿದಷ್ಟೂ ಕೇಳುವವರು ಇನ್ನೂ ಹೆಚ್ಚು ಹೊತ್ತು ಭಾರ ಹೊತ್ತು ನಿಂತಿರಬೇಕು. ‘ನಿಧಾನ ಓದಿದರೆ ಶಾಂತವಾಗುತ್ತದೆ’ ಎಂಬ ನಂಬಿಕೆ ಇಲ್ಲಿಯೇ ಮುರಿಯುವುದು. ಅದನ್ನೇ “ವಿಷ ಎದ್ದಿತು. ಮೂರು ಲೋಕ ಸುಡುವ ವಿಷ. ಶಿವ ಅದನ್ನು ಕುಡಿದ. ಗಂಟಲಲ್ಲೇ ತಡೆದ.” ಎಂದು ಒಡೆದರೆ, ಮಾಮೂಲು ವೇಗದಲ್ಲಿ ಓದಿದರೂ ಪ್ರತಿ ಕ್ರಿಯಾಪದಕ್ಕೊಮ್ಮೆ ಭಾರ ಇಳಿಯುತ್ತದೆ. ವಿರಾಮವನ್ನು ಕ್ರಿಯಾಪದವಾದ ಮೇಲೆ ಕೊಡಿ, ನಡುವೆ ಕೊಡಬೇಡಿ. ‘ಬಿಲ್ವ’ ಅಂದು ಎರಡು ಸೆಕೆಂಡು ನಿಲ್ಲಿಸಿ ‘ಪತ್ರಿ’ ಅನ್ನುವುದು ಭಾವಪೂರ್ಣವಾಗಿ ಕೇಳುವುದಿಲ್ಲ, ಓದುವವರಿಗೆ ಅಕ್ಷರ ಕಾಣಲಿಲ್ಲವೇನೋ ಅನಿಸುತ್ತದೆ.

ನಾಲ್ಕು ಕಥೆಯಲ್ಲಿ ಮೂರನ್ನು ಬಿಡಿ. ಬೇಡನ ಕಥೆಯೊಂದನ್ನೇ ಇಟ್ಟುಕೊಳ್ಳಿ ಎಂದು ನನ್ನ ಸಲಹೆ. ಅದು ಉಳಿದವಕ್ಕಿಂತ ದೊಡ್ಡದು ಅಂತಲ್ಲ. ಅದೊಂದೇ ಕಥೆಗೆ ಈ ರಾತ್ರಿಯ ಆಕಾರವೇ ಇದೆ. ಶಿವಪುರಾಣದ ಕೋಟಿರುದ್ರ ಸಂಹಿತೆಯಲ್ಲಿ ಬರುವ ರೂಪದಲ್ಲಿ ಬೇಡನ ಹೆಸರು ಗುರುದ್ರುಹ. ಮೊದಲ ಜಾವಕ್ಕೆ ಒಂದು ಹೆಣ್ಣು ಚಿಗರಿ ಬರುತ್ತದೆ, ಎರಡನೆಯದಕ್ಕೆ ಅದರ ತಂಗಿ, ಮೂರನೆಯದಕ್ಕೆ ಗಂಡು. ಮೂರೂ ಮರಳಿ ಬರುವುದಾಗಿ ಮಾತು ಕೊಟ್ಟು ಹೋಗುತ್ತವೆ. ನಾಲ್ಕನೆಯ ಜಾವಕ್ಕೆ ಮಾತಿನಂತೆ ಬರುತ್ತವೆ. ಗುಡಿಯಲ್ಲಿ ನಾಲ್ಕು ಜಾವದ ಪೂಜೆಗೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಆ ಕಥೆಯ ಒಳಗೇ ಕೂತಿರುತ್ತಾರೆ. ನಿಮ್ಮೂರಲ್ಲಿ ಗುಡಿಗೆ ಹಾಲಿನ ತಂಬಿಗೆ ತರುವವರೂ ಇರುತ್ತಾರೆ, ಮನೆಯಲ್ಲಿ ಇಷ್ಟಲಿಂಗ ಪೂಜೆ ಮುಗಿಸಿ ಭಜನೆಗಷ್ಟೇ ಬರುವವರೂ ಇರುತ್ತಾರೆ. ಈ ಕಥೆ ಇಬ್ಬರಿಗೂ ಸಲ್ಲುತ್ತದೆ.

ಆದರೆ ಹೆಚ್ಚಿನ ವಿಡಿಯೊಗಳು ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತವೆ: ಬೇಡನಿಗೆ ಗೊತ್ತಿಲ್ಲದೆಯೇ ಪತ್ರಿ ಬಿತ್ತು, ಗೊತ್ತಿಲ್ಲದೆಯೇ ಪುಣ್ಯ ಬಂತು. ಅಲ್ಲಿಗೆ ನಿಂತರೆ ಅದು ಲಾಟರಿ ಹತ್ತಿದ ಕಥೆಯಾಗುತ್ತದೆ. ಪತ್ರಿ ಬಿದ್ದದ್ದು ಅರ್ಧ ಕಥೆ. ಉಳಿದರ್ಧದಲ್ಲಿ, ಮಕ್ಕಳು ಹಸಿದಿರುವ ಮನುಷ್ಯ ಕೈಗೆ ಸಿಕ್ಕ ಬೇಟೆಯನ್ನು ಬರೀ ಮಾತಿನ ಮೇಲೆ ಬಿಡುತ್ತಾನೆ, ಬೆಳತನಕ ಕಾಯುತ್ತಾನೆ. ‘ಅರ್ಥ ಆಗಬೇಕು’ ಅಂದಿರಲ್ಲ, ಆ ಅರ್ಥ ಇಲ್ಲಿದೆ. ಅದನ್ನು ಕೊನೆಗೆ ಉಪದೇಶವಾಗಿ ಹೇಳಿಸಬೇಡಿ. ಬಿಲ್ಲು ಏರುವುದು, ಇಳಿಯುವುದು ಎರಡೂ ಕಣ್ಣಿಗೆ ಕಂಡರೆ ಸಾಕು.

ಪಾಪದ ಮಾತಿಗೆ ಬರುತ್ತೇನೆ. ಕಮಿಟಿಯವರಿಗೆ ಈ ಕಥೆಯನ್ನೇ ತೋರಿಸಿ. ಬೇಡ ಸಂಕಲ್ಪ ಮಾಡಿ ಎಚ್ಚರಿದ್ದವನಲ್ಲ, ಬೇಟೆಗಾಗಿ ಎಚ್ಚರಿದ್ದ. ಊಟ ಸಿಗಲಿಲ್ಲ, ಅದೇ ಉಪವಾಸವಾಯಿತು. ಅಂಥವನನ್ನೂ ಒಪ್ಪಿಕೊಂಡ ಕಥೆಯನ್ನು ಹೇಳಿ, ಅದರ ಬೆನ್ನಿಗೇ ‘ಮಲಗಿದರೆ ಪಾಪ’ ಅಂದರೆ ಒಂದು ಮಾತು ಇನ್ನೊಂದನ್ನು ಹೊಡೆಯುತ್ತದೆ. ಜೊತೆಗೆ, ಬೆದರಿಕೆಯ ಒಂದು ವಾಕ್ಯ ನಾಲ್ಕು ನಿಮಿಷದ ನೆಮ್ಮದಿಯನ್ನು ಕೆಡಿಸುತ್ತದೆ. ಕೂತ ಮುದುಕರು, ಬಸುರಿಯರು, ಸಕ್ಕರೆ ಕಾಯಿಲೆಗೆ ಗುಳಿಗೆ ತಗೊಳ್ಳುವವರು ಎಲ್ಲರೂ ಅದನ್ನು ತಮಗೇ ಹೇಳಿದರು ಅಂದುಕೊಳ್ಳುತ್ತಾರೆ. ಅಂಥ ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಇಳಿದು ತಲೆತಿರುಗಿ ಬೀಳುವುದುಂಟು. ಅವರ ಉಪವಾಸವನ್ನು ಅವರ ಡಾಕ್ಟರು ನಿರ್ಧರಿಸಲಿ, ನಿಮ್ಮ ವಿಡಿಯೊ ಬೇಡ.

ಈಗ ಹೊತ್ತಿನ ಲೆಕ್ಕ. ರಾತ್ರಿ ಹನ್ನೆರಡಕ್ಕೆ ಸರಿಯಾಗಿ ನಡುರಾತ್ರಿ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಫೆಬ್ರುವರಿ ನಡುವಿಗೆ ಸೂರ್ಯ ಮುಳುಗುವುದು ಸುಮಾರು 6.30ಕ್ಕೆ, ಹುಟ್ಟುವುದು 6.50ರ ಆಸುಪಾಸಿಗೆ. ಆ ರಾತ್ರಿಯನ್ನು ನಾಲ್ಕು ಪಾಲು ಮಾಡಿದರೆ ಒಂದು ಜಾವ ಮೂರು ಗಂಟೆಗಿಂತ ಐದು ನಿಮಿಷ ಹೆಚ್ಚು. ಮೊದಲ ಜಾವ ಸುಮಾರು 9.35ಕ್ಕೆ ಮುಗಿಯುತ್ತದೆ, ಎರಡನೆಯದು 12.40ಕ್ಕೆ, ಮೂರನೆಯದು 3.45ಕ್ಕೆ. ರಾತ್ರಿಯನ್ನೇ ಹದಿನೈದು ಮುಹೂರ್ತ ಮಾಡಿದಾಗ ನಡುವಿನ ಎಂಟನೆಯದು ನಿಶೀಥ ಕಾಲ; ಅದು ಸುಮಾರು 12.15ರಿಂದ 1.05ರವರೆಗೆ ಬೀಳುತ್ತದೆ. ನಿಖರ ಹೊತ್ತಿಗೆ ಆ ವರ್ಷದ ಪಂಚಾಂಗವನ್ನೇ ನೋಡಿ.

ವಿಡಿಯೊವನ್ನು ನಿಶೀಥ ಪೂಜೆಗೆ ಸ್ವಲ್ಪ ಮುಂಚೆ, ಹನ್ನೆರಡರ ಸುಮಾರಿಗೆ ತೋರಿಸಿ. ನಸುಕಿನ ಮೂರರಿಂದ ಐದರವರೆಗೆ ಮೈಯೇ ನಿದ್ದೆಗೆ ಎಳೆಯುತ್ತದೆ, ಆಗ ಎಂಥ ಒಳ್ಳೆಯ ಶಾಂತ ವಿಡಿಯೊವೂ ದಿಂಬಾಗುತ್ತದೆ. ಆ ಹೊತ್ತಿಗೆ ಭಜನೆ, ತಾಳ, ಗುಡಿಯ ಸುತ್ತ ಒಂದು ಸುತ್ತು ನಡಿಗೆ, ಇವೇ ಸರಿ.

ಹೊತ್ತಿನ ಜೊತೆ ಇನ್ನೊಂದು ತಪ್ಪು ಸುಳಿಯುತ್ತದೆ. ನಿಮ್ಮ ಸ್ಕ್ರಿಪ್ಟಿನಲ್ಲಿ ‘ಫಾಲ್ಗುಣ ಮಾಸದ’ ಎಂದಿದೆ. ಯಾವುದೋ ಹಿಂದಿ ಸ್ಕ್ರಿಪ್ಟಿನಿಂದ ಬಂದದ್ದಿರಬೇಕು. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ದಿನ ಒಂದೇ, ನಮಗೆ ಅದು ಮಾಘ ಬಹುಳ ಚತುರ್ದಶಿ. ಅಮಾವಾಸ್ಯೆಯ ಹಿಂದಿನ ತಿಥಿ. ಅಂದರೆ ಆ ನಡುರಾತ್ರಿ ಆಕಾಶದಲ್ಲಿ ಚಂದ್ರನೇ ಇರುವುದಿಲ್ಲ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ವಿಜಯಪುರದ ಹತ್ತಿರದ ಒಂದು ಊರಲ್ಲಿ ಶಿವನ ಮೂರ್ತಿಯ ಹಿಂದೆ ದೊಡ್ಡ ಬೆಳ್ಳನೆ ಚಂದ್ರನಿಟ್ಟು ತೋರಿಸಿದ್ದೆ. ಮುಂದೆ ಕೂತಿದ್ದ ಒಬ್ಬ ಅಜ್ಜಿ, “ತಮ್ಮಾ, ಶಿವರಾತ್ರಿಗೆ ಹುಣ್ಣಿವಿ ಚಂದ್ರನ್ನ ಎಲ್ಲಿಂದ ತಂದ್ಯೋ?” ಅಂದಳು. ಗುಡಿಯೇ ನಕ್ಕಿತು. ಆ ಮೇಲಿನ ಮಾತು ಯಾರ ಕಿವಿಗೂ ಹೋಗಲಿಲ್ಲ. ಸಿದ್ಧವಾಗಿ ಸಿಗುವ ಚಿತ್ರಗಳಲ್ಲಿ ಇಂದಿಗೂ ಆ ಹುಣ್ಣಿಮೆ ಇದ್ದೇ ಇರುತ್ತದೆ, ನೋಡಿಕೊಳ್ಳಿ. ಪತ್ರಿಯದೂ ಹಾಗೆಯೇ: ಒಂದು ತೊಟ್ಟಿಗೆ ಮೂರು ಎಲೆ ಇರಬೇಕು. ಊರಲ್ಲಿ ಪತ್ರಿ ಗಿಡ ಇರುವಾಗ ಬೇರೆ ಎಲೆಯ ಚಿತ್ರ ಏಕೆ? ಮೊಬೈಲಿನಲ್ಲೇ ತೆಗೆಯಿರಿ.

ನಿಮ್ಮದೇ ವಸ್ತುವನ್ನು ಇಟ್ಟುಕೊಂಡು ನಾನು ಬರೆದದ್ದು ಹೀಗಿದೆ. ಕಂಸದೊಳಗಿನದು ಪರದೆಗೆ, ಉಳಿದದ್ದು ಓದುವವರಿಗೆ.

(ಕಪ್ಪು ಪರದೆ. ಒಂದು ಹಣತೆ ಹೊತ್ತಿಕೊಳ್ಳುತ್ತದೆ. 10 ಸೆಕೆಂಡು ಮಾತಿಲ್ಲ.)

ಇವತ್ತು ಮಾಘ ಬಹುಳ ಚತುರ್ದಶಿ. ಹೊರಗೆ ನೋಡಿರಿ, ಚಂದ್ರನಿಲ್ಲ.
ಇಂಥದೇ ಒಂದು ರಾತ್ರಿ ಒಬ್ಬ ಬೇಡ ಕಾಡಿನಲ್ಲಿದ್ದ. ಬೆಳಗಿನಿಂದ ಏನೂ ಸಿಕ್ಕಿರಲಿಲ್ಲ. ಮನೆಯಲ್ಲಿ ಮಕ್ಕಳು ಹಸಿದಿದ್ದರು.

(ಕತ್ತಲಲ್ಲಿ ಗಿಡದ ಆಕಾರ. 5 ಸೆಕೆಂಡು.)

ಕೆರೆಯ ದಂಡೆಗೆ ಒಂದು ಪತ್ರಿ ಗಿಡ. ಅವನು ಅದನ್ನು ಹತ್ತಿದ. ಕುಡಿಯಲು ಒಂದಿಷ್ಟು ನೀರು ಜೊತೆಗಿತ್ತು.
ಗಿಡದ ಬುಡದಲ್ಲಿ ಒಂದು ಲಿಂಗ. ಅವನಿಗದು ಗೊತ್ತಿರಲಿಲ್ಲ.

(ನೀರಿನ ಸದ್ದು ಮಾತ್ರ. 8 ಸೆಕೆಂಡು.)

ಮೊದಲ ಜಾವ. ನೀರಿಗೆ ಒಂದು ಹೆಣ್ಣು ಚಿಗರಿ ಬಂತು. ಅವನು ಬಿಲ್ಲು ಎತ್ತಿದ. ಟೊಂಗೆ ಅಲುಗಿತು. ನೀರು ತುಳುಕಿತು. ಎಲೆ ಉದುರಿತು.
ಚಿಗರಿ ಕೇಳಿತು: “ಏನು ಮಾಡ್ತಿ?”
“ಕೊಲ್ತೀನಿ. ನನ್ನ ಮಕ್ಕಳು ಹಸಿದಾವ.”
“ನನಗೂ ಮಕ್ಕಳದಾವ. ಅವನ್ನ ಒಪ್ಪಿಸಿ ಬರ್ತೀನಿ. ಮಾತು ಕೊಡ್ತೀನಿ.”
ಅವನು ಬಿಲ್ಲು ಇಳಿಸಿದ.

(ಲಿಂಗದ ಮೇಲೆ ಒಂದು ಪತ್ರಿ. 12 ಸೆಕೆಂಡು.)

ಎರಡನೆಯ ಜಾವ. ಅದರ ತಂಗಿ ಬಂತು. ಮತ್ತೆ ಎಲೆ ಉದುರಿತು. ಅದೇ ಮಾತು ಕೊಟ್ಟಿತು. ಹೋಯಿತು.

(8 ಸೆಕೆಂಡು.)

ಮೂರನೆಯ ಜಾವ. ಗಂಡು ಚಿಗರಿ ಬಂತು. ಮತ್ತೆ ಎಲೆ ಉದುರಿತು. ಅದೂ ಮಾತು ಕೊಟ್ಟಿತು. ಹೋಯಿತು.

(10 ಸೆಕೆಂಡು.)

ಬೇಡ ಕಾದ. ಹಸಿವೆ ಇತ್ತು. ಚಳಿ ಇತ್ತು. ನಿದ್ದೆ ಬರಲಿಲ್ಲ.
ಬರುತ್ತವೆಯೋ? ಬರುವುದಿಲ್ಲವೋ?

(ಖಾಲಿ ದಂಡೆ. ಸಂಗೀತವೂ ಇಲ್ಲ. 15 ಸೆಕೆಂಡು.)

ನಾಲ್ಕನೆಯ ಜಾವ. ಎಲೆ ಸಪ್ಪಳವಾಯಿತು. ಮೂರೂ ಬಂದವು. ಹಿಂದೆ ಮರಿಗಳೂ ಬಂದವು.
“ಬಂದೀವಿ. ಮಾತು ಕೊಟ್ಟಿದ್ದೆವಲ್ಲ.”
ಅವನು ಬಿಲ್ಲು ಎತ್ತಿದ. ಎಲೆ ಉದುರಿತು.

(6 ಸೆಕೆಂಡು.)

ಬಾಣ ಬಿಡಲಿಲ್ಲ. ಗಿಡದಿಂದ ಇಳಿದ. ಆಗ ಬುಡದಲ್ಲಿದ್ದ ಲಿಂಗವನ್ನು ನೋಡಿದ. ಮೈತುಂಬ ಪತ್ರಿ.

(ಪೂರ್ವದಲ್ಲಿ ನಸುಬೆಳಕು, ಉಗುರಿನಷ್ಟು ತೆಳ್ಳಗಿನ ಚಂದ್ರ. 15 ಸೆಕೆಂಡು. ಹೆಸರುಗಳಿಲ್ಲದೆ ಪರದೆ ಕಪ್ಪಾಗಲಿ.)

ಓದುವ ಶಬ್ದ ಸುಮಾರು 130. ಗುರುತು ಹಾಕಿದ ಮೌನವೆಲ್ಲ ಕೂಡಿ 89 ಸೆಕೆಂಡು. ಉಳಿದ ಎರಡೂವರೆ ನಿಮಿಷದಲ್ಲಿ ಆ ಶಬ್ದಗಳನ್ನು ಓದಬೇಕು, ಪ್ರತಿ ವಾಕ್ಯದ ಕೊನೆಗೆ ಒಂದು ಉಸಿರಿನಷ್ಟು ನಿಲ್ಲಬೇಕು. ಮೊಬೈಲಿನ ಗಡಿಯಾರ ಹಿಡಿದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮೂರು ನಿಮಿಷಕ್ಕೇ ಮುಗಿದರೆ ಮೌನವನ್ನು ನುಂಗಿದ್ದೀರಿ ಅಂತ ಅರ್ಥ. ಐದಕ್ಕೆ ಹೋದರೆ ಅಕ್ಷರ ಎಳೆಯುತ್ತಿದ್ದೀರಿ.

ಮೊದಲ ಜಾವವನ್ನು ಪೂರ್ತಿ ಹೇಳಿ, ಮುಂದಿನ ಎರಡನ್ನು ಚಿಕ್ಕದು ಮಾಡಿದ್ದೇನೆ. ಕೇಳುವವರಿಗೆ ದಾರಿ ಗೊತ್ತಾದ ಮೇಲೆ ಮತ್ತೆ ಅದೇ ಮಾತು ಬೇಡ. ‘ಬರುತ್ತವೆಯೋ?’ ಆದ ಮೇಲಿನ ಹದಿನೈದು ಸೆಕೆಂಡಿನ ಮೇಲೆ ಮಾತ್ರ ಕಮಿಟಿಯಲ್ಲಿ ಜಗಳ ಬರುತ್ತದೆ, ‘ವಿಡಿಯೊ ನಿಂತಿತೇನು’ ಅನ್ನುತ್ತಾರೆ. ಬಿಟ್ಟುಕೊಡಬೇಡಿ. ನಿದ್ದೆ ಬರಿಸುವುದು ಒಂದೇ ಸಮನೆ ಹರಿಯುವ ಸದ್ದು. ಸದ್ದು ಥಟ್ಟನೆ ನಿಂತರೆ ತೂಕಡಿಸುವವನೂ ತಲೆ ಎತ್ತುತ್ತಾನೆ. ಆ ಹೊತ್ತಿಗೆ ಪರದೆಯ ಮೇಲೆ ಖಾಲಿ ದಂಡೆ, ಮನಸ್ಸಿನಲ್ಲಿ ಒಂದು ಪ್ರಶ್ನೆ. ಮನಸ್ಸು ಹಗುರಾಗಿಯೂ ಎಚ್ಚರವಾಗಿಯೂ ಇರುವ ಜಾಗ ಅದೊಂದೇ.

ಭಾಷೆಯ ವಿಷಯದಲ್ಲಿ ನಿಮಗೆ ಎರಡು ದಾರಿ ಇವೆ. ಪೂರ್ತಿ ನಮ್ಮ ಕಡೆಯ ಮಾತಿನಲ್ಲೇ ಹೇಳಿಸಿದರೆ ಆಪ್ತವಾಗಿರುತ್ತದೆ, ಆದರೆ ಟಿವಿ, ಸಿನಿಮಾದವರು ಈ ಮಾತನ್ನು ನಗಿಸುವುದಕ್ಕೇ ಬಳಸಿ ಬಳಸಿ, ಹುಡುಗರು ಮೊದಲ ವಾಕ್ಯಕ್ಕೇ ಕಿಸಕ್ಕೆನ್ನುವ ಅಪಾಯವಿದೆ. ಪೂರ್ತಿ ಗ್ರಾಂಥಿಕವಾದರೆ ಹೋದ ವರ್ಷದ ಗತಿ. ನಾನು ನಿರೂಪಣೆಯನ್ನು ಸರಳ ಬರಹದ ಕನ್ನಡದಲ್ಲಿಟ್ಟು, ಚಿಗರಿ, ಪತ್ರಿ ಗಿಡ, ದಂಡೆ, ಜಾವ ಅನ್ನುವ ನಮ್ಮ ಹೆಸರುಗಳನ್ನು ಉಳಿಸಿ, ಚಿಗರಿ ಮತ್ತು ಬೇಡನ ಬಾಯಿಗೆ ಮಾತ್ರ ಊರ ಮಾತು ಕೊಟ್ಟಿದ್ದೇನೆ. ವಚನ ಸೇರಿಸಬೇಕೆಂದು ಯಾರಾದರೂ ಹಟ ಹಿಡಿದರೆ, ವಿಡಿಯೊ ಮುಗಿದ ಮೇಲೆ ಬೇರೆಯಾಗಿ ಹಾಡಿಸಿ. ಹೊತ್ತು ಸಾಲದು ಅಂತ ಕೊನೆಯ ಅಂಕಿತದ ಸಾಲನ್ನು ಕತ್ತರಿಸುವವರಿದ್ದಾರೆ. ‘ಕೂಡಲಸಂಗಮದೇವ’ ಹೋದರೆ ಅದು ಬಸವಣ್ಣನವರ ವಚನ ಅನ್ನುವ ಗುರುತೇ ಹೋಗುತ್ತದೆ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಕೂತು ಹಾಗೆ ಮಾಡಬಾರದು.

ಇನ್ನು ದನಿ. ನಿಮ್ಮ ಗುಡಿ ಕಲ್ಲಿನದು ಅಂದಿದ್ದೀರಿ. ಮಂಟಪದ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಅಡಗಲು ಎಷ್ಟು ಹೊತ್ತು ಬೇಕೋ, ಪ್ರತಿ ವಾಕ್ಯದ ಕೊನೆಗೆ ಕಡಿಮೆ ಎಂದರೂ ಅಷ್ಟು ಮೌನ ಬೇಕು. ಇಲ್ಲದಿದ್ದರೆ ಹಿಂದಿನ ವಾಕ್ಯದ ಬಾಲ ಮುಂದಿನದರ ತಲೆಯ ಮೇಲೆ ಬೀಳುತ್ತದೆ. ಹಿರಿಯರಿಗೆ ತಿಳಿಯದ್ದಕ್ಕೆ ಇದೂ ಒಂದು ಕಾರಣ. ಜನ ತುಂಬಿ ಕೂತಾಗ ಬಟ್ಟೆ, ಮೈ ಸದ್ದನ್ನು ಹೀರುವುದರಿಂದ ಅನುರಣನ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೊಳಲನ್ನು ಬಿಡಿ. ಅದಕ್ಕೂ ಮನುಷ್ಯನ ದನಿಯಂತೆಯೇ ಹಾಡುವ ಎಳೆ ಇರುವುದರಿಂದ ಕಿವಿ ಅದರ ಹಿಂದೆ ಹೋಗುತ್ತದೆ. ತಂಬೂರಿಯ ಶ್ರುತಿ ಸಾಕು. ಎಡಿಟಿಂಗ್ ಆ್ಯಪಿನಲ್ಲಿ ಅದನ್ನು ದನಿಗಿಂತ 18ರಿಂದ 20 ಡೆಸಿಬೆಲ್ ಕೆಳಗಿಡಿ. ಆ ಲೆಕ್ಕ ಕಾಣದಿದ್ದರೆ, ಮಾತು ನಡೆಯುವಾಗ ಸಂಗೀತ ಇದೆಯೋ ಇಲ್ಲವೋ ಅನ್ನುವ ಅನುಮಾನ ಬರುವಷ್ಟು ತಗ್ಗಿಸಿ.

ಗುಡಿಯ ಮೇಲಿನ ಹಾರ್ನ್ ಸ್ಪೀಕರಿಗೆ ಇದನ್ನು ಜೋಡಿಸಲೇಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿಗೆ ಕೇಳುವ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷದಲ್ಲಿ ಕೆಲವೇ ದಿನ ಸರಕಾರ ಸಡಿಲ ಮಾಡಿದರೂ ಅದು ಹನ್ನೆರಡರವರೆಗೆ ಮಾತ್ರ. ಕಾನೂನು ಹಾಗಿರಲಿ, ಹಾರ್ನ್‌ನಲ್ಲಿ ತಗ್ಗಿದ ದನಿಯ ಕೆಳಸ್ವರ ಉಳಿಯುವುದಿಲ್ಲ, ಬರೀ ಚೀರಾಟ ಉಳಿಯುತ್ತದೆ. ಒಳಗೆ ಎರಡು ಸಣ್ಣ ಪೆಟ್ಟಿಗೆ ಸ್ಪೀಕರುಗಳನ್ನು, ಕೂತವರ ಕಿವಿಯ ಎತ್ತರಕ್ಕೆ, ಜನರ ಹತ್ತಿರವೇ ಇಡಿ.

ಪರದೆಯಲ್ಲಿ ಒಂದೊಂದು ಚಿತ್ರ ಹತ್ತು ಸೆಕೆಂಡಾದರೂ ನಿಲ್ಲಲಿ. ದೀಪದ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಬಿಳಿ ಪರದೆ ಚುಚ್ಚುತ್ತದೆ. ಹಿನ್ನೆಲೆ ಕಪ್ಪಿರಲಿ, ಅಕ್ಷರ ಬೇಕಿದ್ದರೆ ಮಂದ ಹಳದಿ. ‘ಮೊದಲ ಜಾವ’, ‘ಎರಡನೆಯ ಜಾವ’ ಇಷ್ಟು ಮಾತ್ರ ಬರೆದರೂ ನಡೆದೀತು. ಓದುವ ಮಾತನ್ನೆಲ್ಲ ಪರದೆಯ ಮೇಲೂ ಬರೆದರೆ ಜನ ಕೇಳುವುದನ್ನು ಬಿಟ್ಟು ಓದುತ್ತಾರೆ, ಓದಿ ಮುಗಿಸಿ ಕಾಯುತ್ತಾರೆ.

ಕೊನೆಗೊಂದು ಆಯ್ಕೆ ನಿಮ್ಮ ಮುಂದಿಡುತ್ತೇನೆ. ದನಿ ಮುದ್ರಿಸದೆ, ಚಿತ್ರ ಮಾತ್ರ ಓಡಿಸಿ, ಊರಿನವರೊಬ್ಬರು ಅಲ್ಲೇ ಕೂತು ಓದಬಹುದು. ಚಿಕ್ಕ ಗುಡಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮಗು ಅತ್ತರೆ ಓದುವವರು ನಿಲ್ಲುತ್ತಾರೆ, ಯಂತ್ರ ನಿಲ್ಲುವುದಿಲ್ಲ. ಅಪಾಯ ಒಂದೇ: ಜನರ ಮುಂದೆ ಮೌನವೆಂದರೆ ಓದುವವರಿಗೆ ಭಯ, ಹತ್ತು ಸೆಕೆಂಡನ್ನು ಮೂರಕ್ಕೆ ಮುಗಿಸುತ್ತಾರೆ, ಆಗ ಚಿತ್ರ ಹಿಂದೆ ಬೀಳುತ್ತದೆ. ಅದಕ್ಕೆ ಅವರ ಕಾಗದದಲ್ಲಿ ಸೆಕೆಂಡು ಬರೆಯದೆ ಉಸಿರು ಬರೆಯಿರಿ. ಒಂದು ನಿಧಾನ ಉಸಿರಿಗೆ ನಾಲ್ಕು ಸೆಕೆಂಡು ಹಿಡಿಯಿರಿ: ಎಂಟಕ್ಕೆ ಎರಡು ಉಸಿರು, ಹನ್ನೆರಡಕ್ಕೆ ಮೂರು, ಹದಿನೈದಕ್ಕೆ ನಾಲ್ಕು. ಶಿವರಾತ್ರಿಗೆ ಒಂದು ವಾರ ಮೊದಲು, ಕತ್ತಲಾದ ಮೇಲೆ, ಅದೇ ಗುಡಿಯಲ್ಲಿ, ಮಧ್ಯಾಹ್ನ ಹೊಲದ ಕೆಲಸ ಮುಗಿಸಿ ಬಂದ ಇಬ್ಬರನ್ನು ಕೂರಿಸಿ ಓದಿಸಿ. ಮುಗಿದ ಮೇಲೆ ಹೇಗಿತ್ತು ಅಂತ ಕೇಳಬೇಡಿ, ಎಲ್ಲರೂ ಛಲೋ ಇತ್ತು ಅಂತಲೇ ಅನ್ನುತ್ತಾರೆ. ಚಿಗರಿ ಏನಂದಿತು ಅಂತ ಕೇಳಿ.